ಹೌಸ್‌ಬೋಟಿನ ಇಪ್ಪತ್ತೊಂದು ಗಂಟೆ

ಕೇರಳದ ಆಲಪ್ಪುಳದಲ್ಲಿ ಹೌಸ್‌ಬೋಟು ಹತ್ತುವ ಹೊತ್ತು ಮಧ್ಯಾಹ್ನ ಹನ್ನೆರಡು. ಇಳಿಯುವುದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ಜಾಹೀರಾತಿನಲ್ಲಿ ಇದನ್ನು 'ಒಂದು ಹಗಲು, ಒಂದು ರಾತ್ರಿ' ಎನ್ನುತ್ತಾರೆ, ಲೆಕ್ಕಕ್ಕೆ ಇಪ್ಪತ್ತೊಂದು ಗಂಟೆ. ಇಷ್ಟರಲ್ಲಿ ದೋಣಿ ನಿಜವಾಗಿ ನೀರಿನ ಮೇಲೆ ಓಡುವುದು ಐದರಿಂದ ಆರು ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಯಾವುದೋ ತೆಂಗಿನ ಮರಕ್ಕೆ ಹಗ್ಗ ಬಿಗಿದು ನಿಂತಿರುತ್ತದೆ. ಇದು ಗೊತ್ತಿಲ್ಲದೆ ಹೋದವರು ಸಂಜೆ ಐದೂವರೆಗೆ ಎಂಜಿನ್ ನಿಂತಾಗ ಮೋಸಹೋದೆವು ಎಂದುಕೊಳ್ಳುತ್ತಾರೆ. ಗೊತ್ತಿದ್ದವರು ಕುರ್ಚಿಯನ್ನು ದಡದ ಕಡೆಗೆ ತಿರುಗಿಸಿ, ಕಾಲು ಚಾಚಿ ಕೂರುತ್ತಾರೆ.

ನಮ್ಮಲ್ಲಿ ಹಿನ್ನೀರು ಎಂದರೆ ಲಿಂಗನಮಕ್ಕಿಯದೋ ಕಬಿನಿಯದೋ ಅಣೆಕಟ್ಟಿನ ಹಿಂದೆ ನಿಂತ ನೀರು. ಆಲಪ್ಪುಳದ ನೀರಿನ ಕಥೆ ಬೇರೆ. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ನದಿಗಳು ಸಹ್ಯಾದ್ರಿಯಿಂದ ಇಳಿದು ಬಂದು ಸಮುದ್ರ ಸೇರುವ ಮುನ್ನ ಇಲ್ಲಿ ಹರಡಿಕೊಳ್ಳುತ್ತವೆ. ಸಮುದ್ರಕ್ಕೂ ಈ ನೀರಿಗೂ ನಡುವೆ ಮರಳಿನ ಉದ್ದನೆಯ ಪಟ್ಟಿಯೊಂದು ಅಡ್ಡ ಬಿದ್ದಿದೆ. ಅದರ ಒಳಗೆ ನಿಂತ ಉಪ್ಪು-ಸಿಹಿ ಬೆರೆತ ನೀರೇ ವೆಂಬನಾಡು ಕಾಯಲು. ಉತ್ತರದಲ್ಲಿ ಕೊಚ್ಚಿಯ ಬಳಿ ಅದಕ್ಕೆ ಸಮುದ್ರದ ಬಾಯಿ. ದಕ್ಷಿಣದ ತುದಿಯಲ್ಲಿ ಆಲಪ್ಪುಳ, ಅದರ ಬೆನ್ನಿಗೆ ಕುಟ್ಟನಾಡು. ವೆಂಬನಾಡು ಮತ್ತು ಅದಕ್ಕೆ ಹೊಂದಿದ ಕೋಳ್ ಗದ್ದೆಗಳನ್ನು 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಗೆ.

ಹೌಸ್‌ಬೋಟಿನಲ್ಲಿ ಕೂತು ನಾವು ನೋಡುವುದು ಮುಖ್ಯವಾಗಿ ಕುಟ್ಟನಾಡನ್ನು. ಇಲ್ಲಿಯ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ, ಕೆಲವು ಕಡೆ ಎರಡು ಮೀಟರಿನಷ್ಟು ಕೆಳಗೆ. ಕಾಯಲಿನ ತಳದ ಕೆಸರನ್ನೇ ತೆಗೆದು ಸುತ್ತ ದಂಡೆ ಕಟ್ಟಿ, ಒಳಗಿನ ನೀರನ್ನು ಪಂಪಿನಲ್ಲಿ ಹೊರಹಾಕಿ ಭತ್ತ ಬೆಳೆಯುತ್ತಾರೆ. ಹೀಗೆ ದಂಡೆ ಕಟ್ಟಿದ ಗದ್ದೆಬಯಲಿಗೆ ಅವರ ಮಾತಿನಲ್ಲಿ ಪಾಡಶೇಖರ ಎಂದು ಹೆಸರು. ದಂಡೆಯ ಮೇಲೆ ಸಾಲು ಮನೆ, ಮನೆಯ ಮುಂದೆ ಕಾಲುವೆ, ಹಿಂದೆ ಗದ್ದೆ. ದೋಣಿಯಲ್ಲಿ ಕೂತವರಿಗೆ ಗದ್ದೆ ತಮ್ಮ ಕಾಲಿಗಿಂತ ಕೆಳಗೆ ಕಾಣುತ್ತದೆ, ಮೊದಲ ಸಲ ನೋಡಿದವರು ಕಣ್ಣುಜ್ಜಿಕೊಳ್ಳುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯ ಪದ್ಧತಿಯನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿತು. ಹೌಸ್‌ಬೋಟು ಕಂಪನಿಗಳ ಹಾಳೆಯಲ್ಲಿ ಇದರ ಸುದ್ದಿ ಇರುವುದು ಅಪರೂಪ. ಅಲ್ಲಿ ಇರುವುದೆಲ್ಲ ಏಸಿ, ಟಿವಿ, ಕ್ಯಾಂಡಲ್ ಲೈಟ್ ಡಿನ್ನರ್.

ದೋಣಿಯೂ ಈ ಭತ್ತದಿಂದಲೇ ಹುಟ್ಟಿದ್ದು. ರಸ್ತೆ, ಲಾರಿ ಬರುವ ಮುಂಚೆ ಕುಟ್ಟನಾಡಿನ ಭತ್ತ, ತೆಂಗು, ಮೆಣಸು ಕೊಚ್ಚಿಗೆ ಹೋಗುತ್ತಿದ್ದುದು ಕೆಟ್ಟುವಳ್ಳಂ ಎಂಬ ದೊಡ್ಡ ದೋಣಿಗಳಲ್ಲಿ. ಅಂಜಿಲಿ, ಅಂದರೆ ನಮ್ಮ ಮಲೆನಾಡಿನ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ದೋಣಿ ಅದು, ಮೊಳೆ ಹೊಡೆಯುವುದಿಲ್ಲ. ಹೊಲಿಗೆಯ ಸಂದಿಗೆ ನಾರು ತುರುಕಿ, ಗೋಡಂಬಿ ಸಿಪ್ಪೆಯ ಎಣ್ಣೆ ಬಳಿದರೆ ನೀರು ಒಳಗೆ ಬರುವುದಿಲ್ಲ. ಲಾರಿಗಳು ಬಂದ ಮೇಲೆ ಈ ದೋಣಿಗಳಿಗೆ ಕೆಲಸ ತಪ್ಪಿತು, ಎಷ್ಟೋ ದೋಣಿಗಳು ದಡದಲ್ಲೇ ಕೊಳೆತವು. 1990ರ ದಶಕದ ಆರಂಭದಲ್ಲಿ ಕೆಲವರು ಅಂಥ ದೋಣಿಗಳ ಮೇಲೆ ಬಿದಿರಿನ ಚಾಪೆಯ ಗೋಡೆ-ಮಾಡು ಕಟ್ಟಿ, ಒಳಗೆ ಮಂಚ, ಬಚ್ಚಲು, ಅಡುಗೆಮನೆ ಇಟ್ಟು ಪ್ರವಾಸಿಗರನ್ನು ಹತ್ತಿಸತೊಡಗಿದರು. ಈಗ ಓಡುತ್ತಿರುವ ಹೆಚ್ಚಿನವು ಪ್ರವಾಸಕ್ಕೆಂದೇ ಹೊಸದಾಗಿ ಕಟ್ಟಿದವು. ಒಂದು ಕೋಣೆಯಿಂದ ಹಿಡಿದು ಎಂಟು-ಹತ್ತು ಕೋಣೆಯವರೆಗೆ, ಮೇಲೊಂದು ಮಹಡಿ ಇರುವವೂ ಇವೆ.

ಆ ಇಪ್ಪತ್ತೊಂದು ಗಂಟೆ ಹೇಗೆ ಕಳೆಯುತ್ತದೆ ಎಂಬುದಕ್ಕೆ ಮೈಸೂರಿನ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಅಜ್ಜ, ಅಜ್ಜಿ, ಮಗ, ಸೊಸೆ, ಹತ್ತು ಮತ್ತು ಏಳು ವರ್ಷದ ಇಬ್ಬರು ಮಕ್ಕಳು. ಜನವರಿಯ ಮೂರನೇ ವಾರ. ಬೆಂಗಳೂರಿನಿಂದ ಸಂಜೆಯ ರೈಲು ಹಿಡಿದು ಬೆಳಿಗ್ಗೆ ಎರ್ನಾಕುಲಂನಲ್ಲಿ ಇಳಿದಿದ್ದಾರೆ. ಅಲ್ಲಿಂದ ಆಲಪ್ಪುಳಕ್ಕೆ ರಸ್ತೆಯಲ್ಲಿ ಐವತ್ತೈದು ಕಿಲೋಮೀಟರಿನಷ್ಟು. ತಿಂಡಿ ತಿಂದು, ಸಮುದ್ರ ತೀರ ನೋಡಿ, ಹನ್ನೊಂದೂವರೆಗೆ ಪುನ್ನಮಡದ ದಂಡೆಗೆ ಬಂದಿದ್ದಾರೆ. ನೆಹರೂ ಟ್ರೋಫಿ ದೋಣಿ ಓಟ ಮುಗಿಯುವ ಜಾಗ ಇದೇ, ಹಾಗಾಗಿ ಊರವರು ಈ ಕಡೆಯನ್ನು ಫಿನಿಶಿಂಗ್ ಪಾಯಿಂಟ್ ಎಂದೇ ಕರೆಯುತ್ತಾರೆ. ನೂರಾರು ಹೌಸ್‌ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ತಮ್ಮ ದೋಣಿಗೆ ಹೋಗಲು ಬೇರೆ ಎರಡು-ಮೂರು ದೋಣಿಗಳನ್ನು ದಾಟಬೇಕಾಗಬಹುದು. ಅಜ್ಜಿಯ ಮೊಣಕಾಲು ನೋವಿದ್ದರೆ ಈ ಹತ್ತು ನಿಮಿಷವೇ ಇಡೀ ಪ್ರವಾಸದ ಕಷ್ಟದ ಭಾಗ. ಮೊದಲೇ ಹೇಳಿದರೆ ದಡಕ್ಕೆ ನೇರ ತಾಗುವ ಕಡೆ ದೋಣಿ ತಂದು ನಿಲ್ಲಿಸುತ್ತಾರೆ.

ಎರಡು ಕೋಣೆಯ ದೋಣಿ, ಮೂವರು ಕೆಲಸದವರು. ಚುಕ್ಕಾಣಿ ಹಿಡಿಯುವವನನ್ನು ಅಲ್ಲಿ ಸ್ರಾಂಕ್ ಎನ್ನುತ್ತಾರೆ. ಇನ್ನೊಬ್ಬ ಎಂಜಿನ್ ನೋಡಿಕೊಳ್ಳುವವನು, ಮತ್ತೊಬ್ಬ ಅಡುಗೆಯವನು. ಹತ್ತಿದ ಕೂಡಲೇ ಎಳನೀರೋ ನಿಂಬೆ ಪಾನಕವೋ ಸಿಗುತ್ತದೆ. ಹನ್ನೆರಡು ದಾಟುತ್ತಿದ್ದಂತೆ ದೋಣಿ ಹೊರಡುತ್ತದೆ. ವೇಗ ಎಷ್ಟೆಂದರೆ ದಂಡೆಯ ಮೇಲೆ ಸೈಕಲ್ ತುಳಿಯುವ ಹುಡುಗ ನಮ್ಮನ್ನು ಹಿಂದೆ ಹಾಕಿ ಹೋಗುತ್ತಾನೆ. ಮಕ್ಕಳಿಗೆ ಮೊದಲ ಅರ್ಧ ಗಂಟೆ ಸಂಭ್ರಮ. ಆಮೇಲೆ 'ಇನ್ನೂ ಎಷ್ಟು ದೂರ?' ಶುರುವಾಗುತ್ತದೆ. ಎಲ್ಲಿಗೂ ಹೋಗುತ್ತಿಲ್ಲ ಎಂಬುದನ್ನು ಅವರಿಗೆ ಒಪ್ಪಿಸುವುದು ಅಪ್ಪನ ಕೆಲಸ.

ಒಂದೂವರೆಯ ಹೊತ್ತಿಗೆ ದೋಣಿಯನ್ನು ನೆರಳಲ್ಲಿ ಕಟ್ಟಿ ಊಟ ಬಡಿಸುತ್ತಾರೆ. ಕುಚ್ಚಲಕ್ಕಿ ಅನ್ನ, ಸಾಂಬಾರು, ತೋರನ್, ಹಪ್ಪಳ, ಉಪ್ಪಿನಕಾಯಿ, ಮೀನು ತಿನ್ನುವವರಿಗೆ ಮಸಾಲೆ ಹಚ್ಚಿ ಕರಿದ ಕರಿಮೀನು. ಕುಚ್ಚಲಕ್ಕಿ ಬೇಡ ಎನ್ನುವ ಬಯಲುಸೀಮೆಯವರಿಗೆ ಬೆಳ್ತಿಗೆ ಅನ್ನವೂ ಸಿಗುತ್ತದೆ, ಆದರೆ ಹಿಂದಿನ ದಿನವೇ ಹೇಳಿರಬೇಕು. ದೋಣಿ ಹೊರಟ ಮೇಲೆ ಅಡುಗೆಯವನ ಹತ್ತಿರ ಇರುವುದು ಅವನು ಬೆಳಿಗ್ಗೆ ಕೊಂಡು ತಂದಿದ್ದು ಮಾತ್ರ. ಮೀನು ಮಾಂಸ ಮುಟ್ಟದ ಮನೆಯವರು ಬೇರೆ ಪಾತ್ರೆ, ಬೇರೆ ಎಣ್ಣೆ ಬೇಕೆಂದರೆ ಅದನ್ನೂ ಬುಕಿಂಗ್ ಸಮಯದಲ್ಲೇ ಹೇಳಬೇಕು.

ಊಟದ ನಂತರ ಎರಡೂವರೆಯಿಂದ ಐದೂವರೆಯವರೆಗಿನ ಮೂರು ಗಂಟೆಯೇ ಈ ಪ್ರವಾಸದ ತಿರುಳು. ಈ ಮೂರು ಗಂಟೆ ಎಲ್ಲಿ ಕಳೆಯುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸುಲಭದ ದಾರಿ ವೆಂಬನಾಡಿನ ವಿಶಾಲ ನೀರಿಗೆ ಹೋಗಿ ಒಂದು ಸುತ್ತು ಹಾಕಿ ಬರುವುದು. ಗಾಳಿ ಚೆನ್ನಾಗಿ ಬೀಸುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಅರ್ಧ ಗಂಟೆಯ ಮೇಲೆ ನೋಡಲು ನೀರು ಮತ್ತು ಬೇರೆ ಹೌಸ್‌ಬೋಟುಗಳಷ್ಟೇ. ಇನ್ನೊಂದು ದಾರಿ ಕೈನಕರಿ, ನೆಡುಮುಡಿ, ಚಂಪಕ್ಕುಳಂ ಕಡೆಯ ಹೊಳೆ-ಕಾಲುವೆಗಳದು. ಇಲ್ಲಿ ದಡ ಹತ್ತಿರ. ಪಾತ್ರೆ ತೊಳೆಯುವ ಹೆಂಗಸು, ಯೂನಿಫಾರಂ ಹಾಕಿಕೊಂಡು ಸರ್ಕಾರಿ ದೋಣಿಗೆ ಕಾಯುತ್ತಿರುವ ಮಕ್ಕಳು, ಮನೆ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ತರುವ ದೋಣಿ, ನೀರಿನ ಪಕ್ಕದ ಹಳೆಯ ಚರ್ಚು ಎಲ್ಲ ಕೈಗೆಟುಕುವಷ್ಟು ಸಮೀಪ. ನನ್ನ ಮಟ್ಟಿಗೆ ಎರಡನೆಯ ದಾರಿಯೇ ಸರಿ. ಆದರೆ ಒಂದು ಷರತ್ತಿದೆ. ದೊಡ್ಡ ದೋಣಿಗೆ ಈ ದಾರಿಗಳು ಕಷ್ಟ. ಅಗಲ ಸಾಲದು, ಕೆಲವು ಸೇತುವೆಗಳ ಕೆಳಗೆ ಎರಡು ಮಹಡಿಯ ದೋಣಿ ಹಿಡಿಸುವುದಿಲ್ಲ. ಹತ್ತು ಜನ ಗೆಳೆಯರು ಸೇರಿ ಐದು ಕೋಣೆಯ ದೋಣಿ ಹಿಡಿದರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ, ಜೊತೆಗೆ ಸಣ್ಣ ಹೊಳೆಗಳೂ ತಪ್ಪಿಹೋಗುತ್ತವೆ. ಒಂದು ಅಥವಾ ಎರಡು ಕೋಣೆಯ, ಮಹಡಿ ಇಲ್ಲದ ದೋಣಿಯೇ ಒಳ್ಳೆಯದು ಎನ್ನಲು ಇದೇ ಕಾರಣ.

ತೀರಾ ಕಿರಿದಾದ ತೋಡುಗಳಿಗೆ ಯಾವ ಹೌಸ್‌ಬೋಟೂ ಹೋಗಲಾರದು. ಅಲ್ಲಿಗೆ ಶಿಕಾರ ಎನ್ನುವ ಸಣ್ಣ ಮೋಟಾರು ದೋಣಿ, ಇಲ್ಲವೇ ಹುಟ್ಟು ಹಾಕುವ ಪುಟ್ಟ ದೋಣಿ ಬೇಕು. ಸಂಜೆ ದೋಣಿ ಕಟ್ಟಿದ ಮೇಲೆ ಒಂದೆರಡು ಗಂಟೆಗೆ ಬಾಡಿಗೆಗೆ ಸಿಗುತ್ತದೆ. ಹುಟ್ಟಿನ ದೋಣಿಯನ್ನೇ ಕೇಳಿ. ಎಂಜಿನ್ ಸದ್ದಿಲ್ಲದಿದ್ದರೆ ಮಿಂಚುಳ್ಳಿ ಹಾರಿಹೋಗದೆ ಅಲ್ಲೇ ಕೂತಿರುತ್ತದೆ.

ದಾರಿಯಲ್ಲಿ ಎಲ್ಲೋ ಒಂದು ಕಡೆ ದೋಣಿ ಮೀನಂಗಡಿಯ ಮುಂದೆ ನಿಲ್ಲುತ್ತದೆ. 'ಸಾರ್, ಫ್ರೆಶ್ ಪ್ರಾನ್ಸ್ ನೋಡ್ತೀರಾ?' ಎಂದು ಕರೆಯುತ್ತಾರೆ. ಮಂಜುಗಡ್ಡೆಯ ಮೇಲೆ ಕರಿಮೀನು, ಹುಲಿ ಸಿಗಡಿ, ನೀಲಿ ಕೊಂಡಿಯ ದೊಡ್ಡ ಹೊಳೆ ಸಿಗಡಿ ಇಟ್ಟಿರುತ್ತಾರೆ. ಪ್ಯಾಕೇಜಿನ ಊಟದಲ್ಲಿ ಇವು ಸೇರಿಲ್ಲ, ಕೊಂಡರೆ ಅಡುಗೆಯವನು ಮಾಡಿಕೊಡುತ್ತಾನೆ. ಇಲ್ಲಿಯ ದರ ಊರ ಮಾರುಕಟ್ಟೆಗಿಂತ ಚೆನ್ನಾಗಿ ಹೆಚ್ಚು. ಕಿಲೋಗೆ ಎಷ್ಟು, ತಕ್ಕಡಿ ಎಷ್ಟು ತೋರಿಸುತ್ತಿದೆ, ಅಡುಗೆಗೆ ಬೇರೆ ದುಡ್ಡು ಇದೆಯೇ ಎಂಬ ಮೂರನ್ನೂ ಕೊಳ್ಳುವ ಮುಂಚೆ ಕೇಳಬೇಕು. ತೆಗೆದುಕೊಳ್ಳುವುದಾದರೆ ಕರಿಮೀನು ತೆಗೆದುಕೊಳ್ಳಿ. 2010ರಲ್ಲಿ ಕೇರಳ ಇದನ್ನು ರಾಜ್ಯದ ಮೀನು ಎಂದು ಸಾರಿತು. ಮಸಾಲೆ ಸವರಿ ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸುವ ಕರಿಮೀನ್ ಪೊಳ್ಳಿಚ್ಚದು ಈ ನೀರಿನ ಸ್ವಂತ ಅಡುಗೆ.

ನಾಲ್ಕು ಗಂಟೆಗೆ ಚಹಾ, ಜೊತೆಗೆ ನೇಂದ್ರ ಬಾಳೆಹಣ್ಣಿನ ಬಿಸಿ ಬಜ್ಜಿ. ಐದೂವರೆಗೆ ದೋಣಿ ನಿಲ್ಲುತ್ತದೆ. 'ದುಡ್ಡು ಕೊಟ್ಟಿದ್ದೇವೆ, ರಾತ್ರಿ ಬೆಳದಿಂಗಳಲ್ಲಿ ಓಡಿಸಿ' ಎಂದು ಜಗಳಾಡುವ ಪ್ರವಾಸಿಗರು ಈಗಲೂ ಇದ್ದಾರೆ. ಸಂಜೆಯಾದ ಮೇಲೆ ನೀರು ಮೀನುಗಾರರದ್ದು. ಅವರು ಬಲೆ ಬಿಡುವುದು ಕತ್ತಲಾದ ಮೇಲೆ, ಹೌಸ್‌ಬೋಟಿನ ಪ್ರೊಪೆಲರಿಗೆ ಸಿಕ್ಕಿದ ಬಲೆ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬೆಳಿಗ್ಗೆ ಬಲೆ ಎತ್ತುವವರೆಗೆ ಪ್ರವಾಸಿ ದೋಣಿಗಳು ಕಟ್ಟಿಕೊಂಡೇ ಇರಬೇಕು. ರಾತ್ರಿ ಸವಾರಿ ಮಾಡಿಸುತ್ತೇವೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಅವರ ಉಳಿದ ಮಾತುಗಳನ್ನೂ ಅನುಮಾನಿಸಬಹುದು.

ಆಗ ಎದುರಾಗುವ ಪ್ರಶ್ನೆ: ದೋಣಿಯನ್ನು ಎಲ್ಲಿ ಕಟ್ಟುತ್ತಾರೆ? ಬುಕ್ ಮಾಡುವವರಲ್ಲಿ ಇದನ್ನು ಕೇಳುವವರು ತೀರಾ ಕಡಿಮೆ, ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಡೀಸೆಲ್ ಉಳಿಸಬೇಕೆಂದು ಕೆಲವರು ಪುನ್ನಮಡದ ಹತ್ತಿರವೇ, ಹತ್ತಿಪ್ಪತ್ತು ದೋಣಿಗಳ ಸಾಲಿನಲ್ಲಿ ತಂದು ಕಟ್ಟಿಬಿಡುತ್ತಾರೆ. ರಾತ್ರಿ ಒಂಬತ್ತಕ್ಕೆ ಎಲ್ಲ ದೋಣಿಗಳಲ್ಲಿ ಏಸಿ ಶುರುವಾಗುತ್ತದೆ. ಅಂದರೆ ಎಲ್ಲ ಜನರೇಟರುಗಳು ಒಟ್ಟಿಗೆ ಗುಡುಗುತ್ತವೆ. ಪಕ್ಕದ ದೋಣಿಯಲ್ಲಿ ಕಾಲೇಜು ಹುಡುಗರಿದ್ದರೆ ಸ್ಪೀಕರೂ ಜೊತೆಗೂಡುತ್ತದೆ. ಗದ್ದೆಯ ದಂಡೆಯಲ್ಲಿ, ಒಂದೆರಡು ದೋಣಿಗಳಷ್ಟೇ ಇರುವ ಕಡೆ ಕಟ್ಟಿದರೆ ಅದೇ ರಾತ್ರಿ ಬೇರೆಯೇ ಆಗುತ್ತದೆ. ಕಪ್ಪೆಗಳ ವಟಗುಟ್ಟು, ದೂರದ ದೇವಸ್ಥಾನದ ಮೈಕು, ಬಿಟ್ಟರೆ ಬೇರೇನಿಲ್ಲ. ಕೆಲವು ಕಡೆ ದಡದಿಂದ ಕರೆಂಟು ಎಳೆದುಕೊಳ್ಳುವ ವ್ಯವಸ್ಥೆಯಿದೆ, ಅಲ್ಲಿ ಜನರೇಟರಿನ ಕಾಟವೂ ಇಲ್ಲ.

ನಮ್ಮ ಮೈಸೂರಿನ ಸಂಸಾರ ಗದ್ದೆ ದಂಡೆಯಲ್ಲಿ ಇಳಿದು ಒಂದು ಮೈಲಿ ನಡೆದು ಬಂದಿದೆ. ಆರೂಕಾಲಿಗೆ ಮುಸ್ಸಂಜೆ. ಈ ಹೊತ್ತಿಗೆ ಕೋಣೆಯ ಬಾಗಿಲು-ಕಿಟಕಿ ಹಾಕದಿದ್ದರೆ ದೀಪಕ್ಕೆ ಬರುವ ಹುಳುಗಳೂ ಸೊಳ್ಳೆಗಳೂ ಒಳಗೆ ಸೇರಿಕೊಂಡು ರಾತ್ರಿಯೆಲ್ಲ ಕಾಡುತ್ತವೆ. ಸೊಳ್ಳೆ ಎಣ್ಣೆ, ಉದ್ದ ತೋಳಿನ ಅಂಗಿ ಇರಲಿ. ಎಂಟಕ್ಕೆ ಚಪಾತಿ, ಅನ್ನ, ಸಾರು. ಕಡಿಮೆ ದರದ ದೋಣಿಗಳಲ್ಲಿ ಏಸಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ, ಹಗಲೂ ಬೇಕೆಂದರೆ ದರ ಬೇರೆ. ಜನವರಿಯಲ್ಲಿ ಹಗಲು ಏಸಿಗೆ ದುಡ್ಡು ಸುರಿಯುವುದು ದಂಡ, ಎಲ್ಲರೂ ಮುಂಭಾಗದ ತೆರೆದ ಜಾಗದಲ್ಲೇ ಕೂತಿರುತ್ತಾರೆ. ಹಾಗೆ ನೋಡಿದರೆ ಹೌಸ್‌ಬೋಟೆಂದರೆ ನಿಧಾನವಾಗಿ ಚಲಿಸುವ ಒಂದು ಜಗಲಿ, ಕೋಣೆ ಬರೀ ಮಲಗಲಿಕ್ಕೆ.

ಬೆಳಿಗ್ಗೆ ಆರಕ್ಕೆ ಏಳಬೇಕು. ಉಳಿದ ಇಪ್ಪತ್ತು ಗಂಟೆಯಲ್ಲಿ ಸಿಗದ ಬೆಳಕು ಆಗ ಸಿಗುತ್ತದೆ. ಜನವರಿಯಲ್ಲಿ ನೀರಿನ ಮೇಲೆ ತೆಳ್ಳನೆಯ ಮಂಜೂ ಇರಬಹುದು. ನೀರುಕಾಗೆಗಳು ಕಂಬಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ, ಮೀನುಗಾರರು ಬಲೆ ಎತ್ತುತ್ತಿರುತ್ತಾರೆ. ಏಳೂವರೆಗೆ ಇಡ್ಲಿಯೋ ಪೂರಿಯೋ. ಎಂಟಕ್ಕೆ ಹೊರಟರೆ ಒಂಬತ್ತಕ್ಕೆ ಪುನ್ನಮಡ. ಹತ್ತು ಗಂಟೆಗೆ ಅದೇ ಹಾಸಿಗೆಗೆ ಹೊಸ ಹೊದಿಕೆ ಬೀಳುತ್ತದೆ, ಹನ್ನೆರಡಕ್ಕೆ ಹೊಸ ಸಂಸಾರ ಹತ್ತುತ್ತದೆ.

ಖರ್ಚು? ಇಂಥ ಎರಡು ಕೋಣೆಯ ಸಾಧಾರಣ ದೋಣಿಗೆ ಜನವರಿಯಲ್ಲಿ ಅಂದಾಜು ಹನ್ನೆರಡರಿಂದ ಹದಿನಾರು ಸಾವಿರ ರೂಪಾಯಿ, ಮೂರು ಹೊತ್ತಿನ ಊಟ-ತಿಂಡಿ ಸೇರಿ. ಮೀನಿಗೆ, ಹುಟ್ಟಿನ ದೋಣಿಗೆ, ಕೆಲಸದವರ ಕೈಗೆ ಎಂದು ಇನ್ನೊಂದು ಮೂರು-ನಾಲ್ಕು ಸಾವಿರ ಇಟ್ಟುಕೊಳ್ಳಿ. ಆರು ಜನಕ್ಕೆ ಹಂಚಿದರೆ ತಲೆಗೆ ಸುಮಾರು ಮೂರು ಸಾವಿರ. ಇದೇ ದೋಣಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಜೂನ್-ಜುಲೈನಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಹಾಗಾದರೆ ಯಾವ ತಿಂಗಳು? ನವೆಂಬರಿನಿಂದ ಫೆಬ್ರವರಿ ಎಂದು ಎಲ್ಲರೂ ಹೇಳುತ್ತಾರೆ, ಹವಾಮಾನದ ಮಟ್ಟಿಗೆ ಅದು ನಿಜ. ಆದರೆ ಕುಟ್ಟನಾಡಿನಲ್ಲಿ ಹವೆಯಷ್ಟೇ ಭತ್ತದ ಕ್ಯಾಲೆಂಡರನ್ನೂ ನೋಡಬೇಕು. ಮುಖ್ಯ ಬೆಳೆ ಪುಂಜ. ಮಳೆ ಇಳಿದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ ಗದ್ದೆಯ ನೀರನ್ನು ಪಂಪ್ ಮಾಡಿ ಹೊರಹಾಕಿ ಬಿತ್ತುತ್ತಾರೆ. ಅದಕ್ಕೂ ಮೊದಲು ಹೋದರೆ ಗದ್ದೆ ಇರುವ ಕಡೆಯೆಲ್ಲ ನೀರೇ ನೀರು, ಯಾವುದು ಕಾಯಲು ಯಾವುದು ಹೊಲ ಎಂದು ತಿಳಿಯುವುದಿಲ್ಲ. ಜನವರಿ-ಫೆಬ್ರವರಿಯಲ್ಲಿ ಹಸಿರು ಪೂರ್ತಿಯಾಗಿರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಕೊಯ್ಲು. ಕೊಯ್ದ ಗದ್ದೆಗೆ ಉದುರಿದ ಕಾಳು ತಿನ್ನಲು ಸಾವಿರಾರು ಬಾತುಕೋಳಿಗಳ ಹಿಂಡನ್ನು ಬಿಡುತ್ತಾರೆ, ಅದೊಂದು ನೋಟ. ಆದರೆ ಆ ಹೊತ್ತಿಗೆ ಸೆಕೆ ವಿಪರೀತ. ಮಂಗಳೂರಿನ ಸೆಕೆಯಲ್ಲಿ ಬೆಳೆದವರು ತಡೆದಾರು, ಮೈಸೂರಿನವರಿಗೆ ಕಷ್ಟ.

ಒಣ ತಿಂಗಳುಗಳಿಗೆ ಇನ್ನೊಂದು ಮುಖವಿದೆ. ಆಲಪ್ಪುಳದ ಉತ್ತರಕ್ಕೆ ತಣ್ಣೀರ್ಮುಕ್ಕಂನಲ್ಲಿ ಕಾಯಲಿಗೆ ಅಡ್ಡಲಾಗಿ ಒಂದು ತಡೆಗಟ್ಟೆ ಇದೆ, 1970ರ ದಶಕದಲ್ಲಿ ಕಟ್ಟಿದ್ದು. ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಮೇಲೇರಿ ಭತ್ತ ಹಾಳಾಗದಿರಲಿ ಎಂದು ಸಾಮಾನ್ಯವಾಗಿ ಡಿಸೆಂಬರಿನಿಂದ ಬೇಸಿಗೆಯವರೆಗೆ ಅದರ ಬಾಗಿಲುಗಳನ್ನು ಮುಚ್ಚುತ್ತಾರೆ. ಭತ್ತ ಉಳಿಯುತ್ತದೆ, ಆದರೆ ದಕ್ಷಿಣದ ನೀರು ನಿಂತುಬಿಡುತ್ತದೆ. ಊರಿನ ಕೊಳಚೆ, ಗದ್ದೆಯ ಗೊಬ್ಬರ, ದೋಣಿಗಳ ಕಕ್ಕಸು ಎಲ್ಲವೂ ಹೊರಹೋಗದೆ ಒಳಗೇ ಸುತ್ತುತ್ತವೆ. ಉಪ್ಪು ತಾಗದ ಕಡೆ ನೇರಳೆ ಹೂವಿನ ಅಂತರಗಂಗೆ ಹುಲುಸಾಗಿ ಹಬ್ಬಿ ಕಾಲುವೆಗಳನ್ನು ಮುಚ್ಚುತ್ತದೆ, ದೋಣಿಯ ಪ್ರೊಪೆಲರಿಗೆ ಸುತ್ತಿಕೊಂಡು ಅರ್ಧ ದಾರಿಯಲ್ಲಿ ನಿಲ್ಲಿಸುತ್ತದೆ. ಬಾಗಿಲು ತೆರೆದು ಉಪ್ಪುನೀರು ಬಂದ ಮೇಲೆಯೇ ಅದು ಸಾಯುವುದು. ನೀರು ಎಷ್ಟೇ ತಿಳಿಯಾಗಿ ಕಂಡರೂ ಇಳಿದು ಈಜಬಾರದು ಎನ್ನಲು ಇದೊಂದು ಕಾರಣ. ನಾಲ್ಕೂ ಕಡೆ ನೀರಿರುವ ಈ ಊರುಗಳಲ್ಲಿ ಕುಡಿಯುವ ನೀರನ್ನು ದೋಣಿಯಲ್ಲಿ ತಂದು ಹಂಚುವ ಪರಿಸ್ಥಿತಿ ಬರುತ್ತದೆ. ದೋಣಿಯಲ್ಲಿ ಕೊಡುವ ಕುಡಿಯುವ ನೀರೂ ಹೊರಗಿನಿಂದ ತಂದದ್ದೇ.

ಮಳೆಗಾಲವನ್ನು ನಾನು ತಳ್ಳಿಹಾಕುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಜನ ಕಡಿಮೆ, ದರ ಕಡಿಮೆ, ನದಿಗಳು ತುಂಬಿ ನೀರು ಹರಿಯುತ್ತಿರುತ್ತದೆ. ಚುಂಡನ್ ವಳ್ಳಂ ಎಂಬ ನೂರು ಅಡಿ ಮೀರಿದ ಹಾವಿನಂಥ ದೋಣಿಗಳ ಓಟಗಳ ಕಾಲವೂ ಇದೇ. ಚಂಪಕ್ಕುಳಂನ ಮೂಲಂ ಓಟದಿಂದ ಶುರು. 1952ರಲ್ಲಿ ನೆಹರೂ ಬಂದುಹೋದ ನೆನಪಿಗೆ ನಡೆಯುವ ಪುನ್ನಮಡದ ಓಟ ಸಾಂಪ್ರದಾಯಿಕವಾಗಿ ಆಗಸ್ಟ್‌ನ ಎರಡನೇ ಶನಿವಾರ, ಈಚೆಗೆ ದಿನ ಮುಂದೆ ಹೋಗಿದ್ದೂ ಉಂಟು. ಹಾಗಾಗಿ ತಾರೀಖು ಖಚಿತವಾದ ಮೇಲೆಯೇ ಟಿಕೆಟ್ ತೆಗೆಯಿರಿ. ಓಟದ ವಾರಗಳ ಮುಂಚೆ ಹೋದರೂ ಸಂಜೆ ಅಭ್ಯಾಸ ನಡೆಸುವ ದೋಣಿಗಳು ಪುಕ್ಕಟೆ ನೋಡಸಿಗುತ್ತವೆ. ಆದರೆ ಭಾರಿ ಮಳೆಯ ಎಚ್ಚರಿಕೆ ಬಂದ ದಿನ ದೋಣಿ ಹೊರಡುವುದಿಲ್ಲ. 2018ರ ಆಗಸ್ಟ್‌ನ ನೆರೆಯಲ್ಲಿ ಕುಟ್ಟನಾಡಿನ ಜನರನ್ನೇ ಊರು ಬಿಡಿಸಿ ಹೊರಗೆ ತರಬೇಕಾಗಿತ್ತು. ಹಣ ವಾಪಸಾತಿಯ ಷರತ್ತನ್ನು ಬರಹದಲ್ಲಿ ತೆಗೆದುಕೊಳ್ಳದೆ ಮಳೆಗಾಲಕ್ಕೆ ಬುಕ್ ಮಾಡಬೇಡಿ. ಅಕ್ಟೋಬರ್ ಮಾತ್ರ ಸ್ವಲ್ಪ ಕಪಟಿ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ಗುಡುಗು ಮಿಂಚು. ದೋಣಿ ಓಡುವ ಆ ಮೂರು ಗಂಟೆಯನ್ನೇ ಅದು ನುಂಗುತ್ತದೆ.

ಯಾರಿಗೆ ಇದು ಹಿಡಿಸುತ್ತದೆ ಎಂದು ಕೇಳಿದರೆ ನನ್ನ ಮೊದಲ ಹೆಸರು ಅಜ್ಜ-ಅಜ್ಜಿಯರದ್ದು. ತೀರ್ಥಯಾತ್ರೆಯಲ್ಲಿ ಮೆಟ್ಟಿಲು ಹತ್ತಿ, ಗಿರಿಧಾಮದಲ್ಲಿ ಏದುಸಿರು ಬಿಟ್ಟು ಸಾಕಾದವರಿಗೆ ಇಲ್ಲಿ ಲೋಕವೇ ಎದುರಿನಿಂದ ಹಾದುಹೋಗುತ್ತದೆ. ಬಚ್ಚಲು ಹತ್ತು ಹೆಜ್ಜೆಯಲ್ಲಿದೆ, ಊಟ ಕೂತಲ್ಲಿಗೆ ಬರುತ್ತದೆ. ನೀರು ಅಲೆಯಿಲ್ಲದ್ದು, ಹಾಗಾಗಿ ಹೊಟ್ಟೆ ತೊಳೆಸುವುದು ಅಪರೂಪ. ಎರಡನೆಯವರು ಬಹುದಿನಗಳ ಮೇಲೆ ಒಟ್ಟು ಸೇರಿದ ಅಣ್ಣತಮ್ಮಂದಿರ, ಅಕ್ಕತಂಗಿಯರ ಸಂಸಾರಗಳು. ಇಪ್ಪತ್ತೊಂದು ಗಂಟೆ ಯಾರೂ ಎದ್ದುಹೋಗುವಂತಿಲ್ಲ, ಮಾತಾಡಲೇಬೇಕು. ಹೊಸದಾಗಿ ಮದುವೆಯಾದವರಿಗೂ ಒಳ್ಳೆಯದೇ, ಆದರೆ ಒಂದೇ ಕೋಣೆಯ ದೋಣಿಯಲ್ಲಿ ಮೂವರು ಕೆಲಸದವರೂ ಅಲ್ಲೇ ಇರುತ್ತಾರೆ ಎಂಬುದು ನೆನಪಿರಲಿ. ಹಕ್ಕಿ ನೋಡುವವರು ಪೂರ್ವ ದಡದ ಕುಮರಕಂನಿಂದ ಹೊರಡುವುದು ಮೇಲು, ಅಲ್ಲಿ ಪಕ್ಷಿಧಾಮ ಪಕ್ಕದಲ್ಲೇ ಇದೆ.

ಹಿಡಿಸದವರೂ ಇದ್ದಾರೆ. ದಿನಕ್ಕೆ ಐದು ಸ್ಥಳ ನೋಡದಿದ್ದರೆ ದುಡ್ಡು ದಂಡವಾಯಿತೆನ್ನುವವರಿಗೆ ಇದು ಶಿಕ್ಷೆ. ಆಗಷ್ಟೇ ನಡೆಯಲು ಕಲಿತ ಮಗುವಿನ ತಾಯಿಗೆ ಇಪ್ಪತ್ತೊಂದು ಗಂಟೆಯೂ ಕಾವಲೇ ಕಾವಲು, ಮುಂಭಾಗದ ಕಂಬಿಗಳ ಸಂದಿ ಕೆಲವು ದೋಣಿಗಳಲ್ಲಿ ದೊಡ್ಡದಿರುತ್ತದೆ. ಕುಡಿದು ಕುಣಿಯಲು ಹೋಗುವ ಗುಂಪುಗಳಿಗೆ ಒಂದೇ ಮಾತು, ಮಹಡಿಯ ಮೇಲೆ ಎಲ್ಲರೂ ಒಂದೇ ಬದಿಗೆ ನುಗ್ಗಬೇಡಿ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ಹತ್ತಿದ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. ಅದು ಹೌಸ್‌ಬೋಟಲ್ಲ, ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದು. ಆದರೂ ಹತ್ತುವ ಮುಂಚೆ ನೋಡಬೇಕಾದದ್ದು ಏನೆಂದು ಅದು ಹೇಳುತ್ತದೆ. ದೋಣಿಯ ಮೈಮೇಲೆ ನೋಂದಣಿ ಸಂಖ್ಯೆ ಬರೆದಿರಬೇಕು, ಎಷ್ಟು ಜನರಿಗೆ ಪರವಾನಗಿ ಎಂಬುದು ಕಾಣುವಂತಿರಬೇಕು, ನಿಮ್ಮ ಮಕ್ಕಳ ಅಳತೆಯ ಲೈಫ್ ಜಾಕೆಟ್ ಸೇರಿ ಎಲ್ಲರಿಗೂ ಒಂದೊಂದು ಕೈಗೆ ಸಿಗುವಂತಿರಬೇಕು. ಹಾಸಿಗೆಯಡಿ ಕಟ್ಟಿಟ್ಟ ಜಾಕೆಟ್ ಇದ್ದೂ ಇಲ್ಲದಂತೆ.

ಕೈಯಲ್ಲಿ ಅಷ್ಟು ದುಡ್ಡಿಲ್ಲದವರು, ಅಥವಾ ಒಂದು ರಾತ್ರಿಗೆ ಅಷ್ಟು ಕೊಡಲು ಮನಸ್ಸಿಲ್ಲದವರು ನಿರಾಶರಾಗಬೇಕಿಲ್ಲ. ಆಲಪ್ಪುಳದ ಬಸ್ ನಿಲ್ದಾಣದ ಪಕ್ಕದ ಜೆಟ್ಟಿಯಿಂದ ಕೇರಳ ರಾಜ್ಯ ಜಲ ಸಾರಿಗೆ ಇಲಾಖೆಯ ದೋಣಿಗಳು ಹೊರಡುತ್ತವೆ. ಕೊಟ್ಟಾಯಂಗೆ ಎರಡೂವರೆ ಗಂಟೆಯ ಹಾದಿ, ಟಿಕೆಟ್ಟು ನೂರು ರೂಪಾಯಿಯೊಳಗೆ. ಹೌಸ್‌ಬೋಟು ಹಾದುಹೋಗುವ ಅದೇ ನೀರಿನಲ್ಲಿ, ಮೀನು ಬುಟ್ಟಿಯವರ, ಶಾಲೆ ಮಕ್ಕಳ ಜೊತೆ ಕೂತು ಹೋಗಬಹುದು. ಕೈನಕರಿಯಂಥ ಊರಿನಲ್ಲಿ ಹೋಂಸ್ಟೇ ಹಿಡಿದು ಎರಡು ರಾತ್ರಿ ಇದ್ದು, ಸರ್ಕಾರಿ ದೋಣಿಯಲ್ಲಿ ಓಡಾಡಿ, ಬೆಳಿಗ್ಗೆ ಹುಟ್ಟಿನ ದೋಣಿಯಲ್ಲಿ ತೋಡು ಸುತ್ತಿದರೆ ಹೌಸ್‌ಬೋಟಿನ ಅರ್ಧ ಖರ್ಚಿನಲ್ಲಿ ಅದರ ಎರಡರಷ್ಟು ಕುಟ್ಟನಾಡು ಸಿಗುತ್ತದೆ. ಮಕ್ಕಳಿಗೆ ಹೌಸ್‌ಬೋಟು ಒಳಗಿನಿಂದ ಹೇಗಿದೆ ಎಂದು ನೋಡುವ ಆಸೆಯಷ್ಟೇ ಇದ್ದರೆ ಹನ್ನೊಂದರಿಂದ ಐದರವರೆಗಿನ ಹಗಲಿನ ಸವಾರಿ ಸಾಕು. ದೋಣಿ ಓಡುವ ಹೊತ್ತೆಲ್ಲ ಅದರಲ್ಲೇ ಬರುತ್ತದೆ.

ಕರಾವಳಿಯವರಿಗೆ ಇನ್ನೂ ಹತ್ತಿರದ ದಾರಿಯಿದೆ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ಕೋಟ್ಟಪ್ಪುರಂನಿಂದ ವಲಿಯಪರಂಬ ಕಾಯಲಿಗೆ ಹೌಸ್‌ಬೋಟುಗಳು ಹೋಗುತ್ತವೆ. ಆಲಪ್ಪುಳದ ನೂಕುನುಗ್ಗಲು ಅಲ್ಲಿಲ್ಲ, ಕುಟ್ಟನಾಡಿನ ಗದ್ದೆಗಳೂ ಇಲ್ಲ. ಮಂಗಳೂರಿನಿಂದ ರೈಲಿನಲ್ಲಿ ಹೋದರೆ ನೀಲೇಶ್ವರ ಎರಡು ಗಂಟೆಯೊಳಗಿನ ದಾರಿ.

ಆಲಪ್ಪುಳಕ್ಕೇ ಹೋಗುವುದಾದರೆ ಜನವರಿ ಮಧ್ಯದಿಂದ ಫೆಬ್ರವರಿ ಮಧ್ಯದೊಳಗೆ, ಶನಿವಾರ-ಭಾನುವಾರ ಬಿಟ್ಟು ಒಂದು ದಿನ ಆರಿಸಿ. ಮುಂಗಡ ಕಳಿಸುವ ಮೊದಲು ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿ: ಮಧ್ಯಾಹ್ನದ ಮೇಲೆ ಯಾವ ಹೊಳೆಗೆ ಹೋಗುತ್ತೀರಿ, ರಾತ್ರಿ ದೋಣಿಯನ್ನು ಎಲ್ಲಿ ಕಟ್ಟುತ್ತೀರಿ? ಊರಿನ ಹೆಸರು ಹೇಳಿ ಉತ್ತರ ಕೊಟ್ಟವರಿಗೆ ದುಡ್ಡು ಕೊಡಿ. 'ಬನ್ನಿ ಸಾರ್, ಎಲ್ಲಾ ನೋಡಿಕೊಳ್ಳೋಣ' ಎಂದವರನ್ನು ಬಿಟ್ಟು ಮುಂದಿನ ನಂಬರಿಗೆ ಫೋನ್ ಮಾಡಿ.